ಕನ್ಯಾ ನೋಡಾಕ ಬರೋ ದಿನಾನ ಹೊಟ್ಟಿ ಯಾಕ ಗಂಟಾಕ್ಕೈತಿ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹರೆಯದ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತರೆ ಮನೆಯವರು ಮೊದಲು ಹೇಳುವ ಮಾತು, ‘ಬಟ್ಟಿ ಸರದೈತಿ’. ಓಣಿಯಲ್ಲಿ ಬಟ್ಟಿ ತಿಕ್ಕುವ ಅಜ್ಜಿ ಒಬ್ಬಳು ಇದ್ದೇ ಇರುತ್ತಾಳೆ. ಆಕೆ ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕುತ್ತಾಳೆ, ಎರಡು ದಿನ ಹಗುರ ಅನ್ನಿಸುತ್ತದೆ, ಮತ್ತೆ ಶುರು. ಮುಂದಿನ ಹೆಜ್ಜೆ ಮೆಡಿಕಲ್ ಅಂಗಡಿಯ ಗ್ಯಾಸಿನ ಗುಳಿಗೆ. ಅದಾದ ಮೇಲೆ ತಾಲ್ಲೂಕು ದವಾಖಾನೆ, ಸ್ಕ್ಯಾನಿಂಗು. ‘ಏನೂ ಇಲ್ಲ, ಎಲ್ಲಾ ನಾರ್ಮಲ್ ಐತಿ’ ಎಂಬ ಚೀಟಿ ಕೈಗೆ ಬಂದ ದಿನ ಹುಡುಗಿಯ ಕಷ್ಟ ಇನ್ನೂ ಹೆಚ್ಚುತ್ತದೆ. ನೋವು ಇದೆ, ಕಾಗದದಲ್ಲಿ ಇಲ್ಲ. ‘ನೆವಾ ಮಾಡ್ತಾಳ’ ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟುವುದು ಆವಾಗಲೇ.

ಆ ನೋವು ನೆಪವಲ್ಲ. ಅನ್ನನಾಳದಿಂದ ಗುದದ್ವಾರದವರೆಗೆ ನಮ್ಮ ಜೀರ್ಣಾಂಗದ ಗೋಡೆಯೊಳಗೆ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ಎಂಬ ಉದ್ದನೆಯ ನರ ಮತ್ತು ರಕ್ತದಲ್ಲಿ ಓಡಾಡುವ ಹಾರ್ಮೋನುಗಳ ಮೂಲಕ ಅವು ಮೆದುಳಿನ ಜೊತೆ ಸದಾ ಸಂಪರ್ಕದಲ್ಲಿರುತ್ತವೆ. ಹೆದರಿಕೆ ಬಂದಾಗ ಮೆದುಳು ಹೊರಡಿಸುವ ಸೂಚನೆ ಜಠರಕ್ಕೂ ದೊಡ್ಡ ಕರುಳಿಗೂ ಬೇರೆ ಬೇರೆ ಕೆಲಸ ಹೇಳುತ್ತದೆ. ಜಠರ ನಿಧಾನವಾಗುತ್ತದೆ. ಊಟ ಮಾಡುವಾಗ ಸಡಿಲಗೊಂಡು ಅನ್ನಕ್ಕೆ ಜಾಗ ಕೊಡಬೇಕಾದ ಅದರ ಮೇಲಿನ ಭಾಗ ಬಿಗಿದೇ ಇರುತ್ತದೆ. ಹಾಗಾಗಿ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದಂತೆ, ವಾಕರಿಕೆ ಬಂದಂತೆ ಆಗುತ್ತದೆ. ಅದೇ ಹೊತ್ತಿಗೆ ದೊಡ್ಡ ಕರುಳು ಅವಸರ ಮಾಡುತ್ತದೆ, ಎರಡು ಮೂರು ಸಲ ಹೊರಗೆ ಓಡಬೇಕಾಗುತ್ತದೆ. ಇದು ತಿಂಗಳುಗಟ್ಟಲೆ ನಡೆದರೆ ಕರುಳಿನ ನರಗಳು ಸೂಕ್ಷ್ಮವಾಗಿ, ಬೇರೆಯವರಿಗೆ ಗೊತ್ತೇ ಆಗದಷ್ಟು ಸಣ್ಣ ಉಬ್ಬರವೂ ನೋವಾಗಿ ತಿಳಿಯುತ್ತದೆ. ಸ್ಕ್ಯಾನಿಂಗಿನಲ್ಲಿ ಅಂಗದ ಆಕಾರ ಕಾಣುತ್ತದೆಯೇ ಹೊರತು ಅದು ಕೆಲಸ ಮಾಡುವ ರೀತಿ ಕಾಣುವುದಿಲ್ಲ. ‘ನಾರ್ಮಲ್’ ಎಂಬ ಚೀಟಿಯ ಅರ್ಥ ಇಷ್ಟೇ: ಗಡ್ಡೆ, ಕಲ್ಲು ಕಂಡಿಲ್ಲ.

ಹಾಗೆಂದು ಪ್ರತಿ ಹೊಟ್ಟೆನೋವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯಬಾರದು. ಕೆಲವು ಗುರುತು ಕಂಡರೆ ಈ ಲೇಖನ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಬೇಕು. ನಿದ್ದೆಯಿಂದ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಪದೇ ಪದೇ ವಾಂತಿ, ನುಂಗಲು ಕಷ್ಟ, ಜ್ವರ, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ. ಕಬ್ಬಿಣದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಹೊಕ್ಕುಳ ಹತ್ತಿರ ಶುರುವಾದ ನೋವು ಕೆಲವೇ ತಾಸಿನಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ ಅಪೆಂಡಿಕ್ಸಿನ ಉರಿಯೂತ ಇರಬಹುದು. ಆವಾಗ ಬಟ್ಟಿ ತಿಕ್ಕಿಸುತ್ತ ಕೂತರೆ ಜೀವಕ್ಕೇ ಅಪಾಯ. ಮುಟ್ಟು ತಪ್ಪಿದೆಯೇ ಎಂಬುದನ್ನೂ ನೋಡಬೇಕು. ಮೈಕೈ ನೋವಿಗೆಂದು ದಿನಾ ನುಂಗುವ ನೋವಿನ ಗುಳಿಗೆಯಿಂದಲೇ ಜಠರ ಹುಣ್ಣಾಗಿರಬಹುದು. ಇವು ಯಾವುವೂ ಇಲ್ಲದ ಎಳೆ ವಯಸ್ಸಿನವರಿಗೆ ಸಾಮಾನ್ಯವಾಗಿ ಒಂದೆರಡು ರಕ್ತಪರೀಕ್ಷೆ, ಬೇಕೆನಿಸಿದರೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಸಾಕಾಗುತ್ತದೆ. ಹಟ ಹಿಡಿದು ಎಂಡೋಸ್ಕೋಪಿ ಮಾಡಿಸಬೇಕಿಲ್ಲ.

ಅಪಾಯದ ಗುರುತುಗಳಿಲ್ಲ ಎಂದಾದ ಮೇಲೆ ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ನೋಟ್‌ಬುಕ್, ಎರಡು ವಾರ ಸಾಕು. ನೋವು ಬಂದ ದಿನ ಮತ್ತು ಹೊತ್ತು, ಅದಕ್ಕೆ ಮುಂಚೆ ತಿಂದದ್ದು, ಅದಕ್ಕೆ ಮುಂಚೆ ಮನೆಯಲ್ಲಿ ನಡೆದದ್ದು ಅಥವಾ ಆಡಿದ ಮಾತು, ನೋವು ಯಾವಾಗ ಇಳಿಯಿತು ಎಂಬುದು. ಇಷ್ಟೇ ಬರೆಯಬೇಕು. ಮೂರನೆಯದನ್ನು ಬಿಟ್ಟು ಬರೆದರೆ ಉಪಯೋಗವಿಲ್ಲ. ನಮ್ಮ ಕಡೆ ಎಲ್ಲರೂ ಹೊಟ್ಟೆನೋವಿಗೆ ಊಟದಲ್ಲೇ ತಪ್ಪು ಹುಡುಕುತ್ತೇವೆ, ಪಾಪ, ಮೆಣಸಿನಕಾಯಿ ಸುಮ್ಮನೆ ಬೈಸಿಕೊಳ್ಳುತ್ತದೆ.

ಒಂದು ಉದಾಹರಣೆ ನೋಡೋಣ. ಇದು ಒಬ್ಬಳದೇ ಕಥೆಯಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ನಡೆಯುವುದನ್ನು ಕೂಡಿಸಿ, ಗುರುತು ಸಿಗದಂತೆ ಒಬ್ಬಳಲ್ಲಿ ಇಟ್ಟಿದ್ದೇನೆ. ಹಾನಗಲ್ಲ ಕಡೆಯ ಹಳ್ಳಿ, ವಯಸ್ಸು 24, ಬಿ.ಎಡ್. ಮುಗಿದಿದೆ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾಳೆ. ತಂದೆಗೆ ಮೂರು ಎಕರೆ, ಅದರಲ್ಲಿ ಭತ್ತ ಮತ್ತು ಗೋವಿನಜೋಳ. ಕೆಳಗೆ ಇನ್ನೊಬ್ಬ ತಂಗಿ. ವರ್ಷದಿಂದ ರವಿವಾರಕ್ಕೊಮ್ಮೆ ಯಾರಾದರೂ ‘ಕನ್ಯಾ ನೋಡಾಕ’ ಬರುತ್ತಾರೆ. ಬರುವ ಸುದ್ದಿ ಕೆಲವೊಮ್ಮೆ ಹಿಂದಿನ ರಾತ್ರಿ, ಕೆಲವೊಮ್ಮೆ ಅದೇ ಮುಂಜಾನೆ ಗೊತ್ತಾಗುತ್ತದೆ. ಆಕೆಯ ನೋಟ್‌ಬುಕ್ಕಿನಲ್ಲಿ ಹೀಗಿರುತ್ತದೆ.

ಶನಿವಾರ ಸಂಜೆ ಏಳಕ್ಕೆ ಸೋದರಮಾವನ ಫೋನು ಬಂತು, ಅಪ್ಪ ಹೊರಗೆ ಹೋಗಿ ಮಾತಾಡಿದ, ಹತ್ತು ನಿಮಿಷದಲ್ಲಿ ಹೊಟ್ಟೆ ಹಿಂಡಿತು, ಊಟ ಸೇರಲಿಲ್ಲ. ರವಿವಾರ ಬೆಳಗಿನ ಆರಕ್ಕೆ ಎದ್ದವಳು ಮೂರು ಸಲ ಹೊರಗೆ ಹೋದಳು. ಬಂದವರಿಗೆ ಉಪ್ಪಿಟ್ಟು, ಚಹಾ ಕೊಡುವಾಗ ಕೈ ತಣ್ಣಗಿತ್ತು. ಅವರು ಹೋದ ಅರ್ಧ ತಾಸಿಗೆ ಹಸಿವಾಗಿ ಎರಡು ರೊಟ್ಟಿ ಉಂಡಳು, ನೋವಿಲ್ಲ. ಬುಧವಾರ ಗೆಳತಿಯ ಮನೆಯಲ್ಲಿ ನಾಲ್ಕು ಮಿರ್ಚಿ ತಿಂದಳು, ಏನೂ ಆಗಲಿಲ್ಲ. ಇಷ್ಟರಿಂದಲೇ ಆಕೆಗೆ ಒಂದು ಸಂಗತಿ ಖಾತ್ರಿಯಾಯಿತು, ಖಾರದಿಂದ ಬಂದ ನೋವು ಇದಲ್ಲ. ಆದರೆ ನಿಜವಾದ ಸುಳಿವು ಮುಂದಿನ ರವಿವಾರದ ಸಾಲಿನಲ್ಲಿತ್ತು. ಆ ದಿನ ಯಾರೂ ಬರಲಿಲ್ಲ. ಆದರೂ ಬೆಳಿಗ್ಗೆ ಆರರಿಂದ ಹತ್ತರವರೆಗೆ ಅದೇ ಗಂಟು, ಅದೇ ತಳಮಳ. ಹತ್ತಕ್ಕೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟ ಮೇಲೆ, ‘ಇವತ್ತು ಯಾರೂ ಬರೂದಿಲ್ಲ’ ಎಂದು ಆಕೆಗೆ ಗೊತ್ತಾದ ಮೇಲೆ, ಗಂಟು ಬಿಚ್ಚಿತು.

ಬಂದವರಿಂದ ಆಗುವ ನೋವಿಗಿಂತ, ಬರುತ್ತಾರೋ ಇಲ್ಲವೋ ಗೊತ್ತಿಲ್ಲದ ನೋವು ದೊಡ್ಡದು. ಇಂತಿಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಿರುವ ಕಷ್ಟಕ್ಕಿಂತ ಯಾವಾಗ ಬೇಕಾದರೂ ಬರಬಹುದಾದ ಕಷ್ಟಕ್ಕೆ ದೇಹ ಹೆಚ್ಚು ಹೊತ್ತು ಸಜ್ಜಾಗಿ ನಿಲ್ಲುತ್ತದೆ, ನಡುವೆ ವಿಶ್ರಾಂತಿ ಸಿಗುವುದಿಲ್ಲ. ಅದಕ್ಕೇ ಮನೆಯಲ್ಲಿ ಕೇಳಬೇಕಾದ ಮೊದಲ ಸಂಗತಿ ‘ಲಗ್ನ ಬೇಡ’ ಎಂಬುದಲ್ಲ, ‘ದಿನ ಮೊದಲೇ ಹೇಳಿ’ ಎಂಬುದು ಎಂದು ನಾನು ನಂಬುತ್ತೇನೆ. ಇದನ್ನು ಒಪ್ಪುವುದು ಅಪ್ಪನಿಗೂ ಸುಲಭ, ಏಕೆಂದರೆ ಇದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಕೇಳುವ ಹೊತ್ತು ಮುಖ್ಯ. ಬೀಗರಾಗುವವರು ಜಗಲಿಯ ಮೇಲೆ ಕೂತಿರುವಾಗಲೋ ಅವರು ಹೋದ ಮರುಗಳಿಗೆಗೋ ಬಾಯಿ ತೆಗೆದರೆ ಜಗಳವಾಗುತ್ತದೆ. ವಾರದ ನಡುವಿನ ಒಂದು ರಾತ್ರಿ, ಊಟವಾದ ಮೇಲೆ, ಮೊದಲು ಅವ್ವನ ಹತ್ತಿರ, ಆಮೇಲೆ ಅಪ್ಪನ ಹತ್ತಿರ. ಅಪ್ಪ ಮಾತು ಕೇಳುವುದು ಯಾರದು ಎಂದು ಯೋಚಿಸಿ. ಬಹಳ ಮನೆಗಳಲ್ಲಿ ಅದು ಸೋದರಮಾವನದು ಇಲ್ಲವೇ ಲಗ್ನವಾಗಿ ಹೋದ ಅಕ್ಕನದು. ಅವರನ್ನು ಒಪ್ಪಿಸಿಕೊಂಡು ಜೊತೆಗೆ ಕೂರಿಸಿಕೊಂಡರೆ ಅರ್ಧ ಕೆಲಸ ಆದಂತೆ. ಮಾತು ಹೀಗಿರಬಹುದು:

“ಅಪ್ಪಾ, ನಾ ಲಗ್ನಾ ಬ್ಯಾಡ ಅನ್ನಾಕತ್ತಿಲ್ರಿ. ಬರಾವ್ರು ಯಾರು, ಯಾವತ್ತು ಬರ್ತಾರ ಅನ್ನೂದು ಮೂರು ದಿನಾ ಮೊದ್ಲು ನನಗ ಹೇಳ್ರಿ. ತಿಂಗಳಕ್ಕ ಒಂದು ಸಲಕ್ಕಿಂತ ಹೆಚ್ಚು ಬ್ಯಾಡ. ನನ್ನ ಪರೀಕ್ಷೆ ಇರೂ ತಿಂಗಳಾ ಯಾರ್ನೂ ಕರೀಬ್ಯಾಡ್ರಿ. ಪರೀಕ್ಷೆ ಆದಮ್ಯಾಲ ಯುಗಾದಿಯೊಳಗ ಕುಂತು ಮಾತಾಡೂಣು.”

ಈ ಐದು ವಾಕ್ಯದಲ್ಲಿ ಅಪ್ಪನಿಗೂ ಒಂದು ದಿನಾಂಕ ಸಿಗುತ್ತದೆ ಎಂಬುದನ್ನು ಗಮನಿಸಿ. ಅಪ್ಪನ ಹೊಟ್ಟೆಯಲ್ಲೂ ಗಂಟಿದೆ. ಗೋವಿನಜೋಳದ ರೇಟು ಎಷ್ಟಾಗುತ್ತದೋ ಗೊತ್ತಿಲ್ಲ, ಬಂಗಾರದ ರೇಟು ನಿಲ್ಲುವುದಿಲ್ಲ, ಎರಡನೆಯವಳ ಲಗ್ನ ಬಾಕಿಯಿದೆ, ಊರವರು ದಿನಾ ಕೇಳುತ್ತಾರೆ. ‘ಇನ್ನೂ ಎರಡು ವರ್ಷ ಸುಮ್ನಿರ್ರಿ’ ಎಂದರೆ ಅವನಿಗೆ ಕೇಳಿಸುವುದು ಕೊನೆಯಿಲ್ಲದ ಕಾಯುವಿಕೆ. ‘ಯುಗಾದಿ’ ಎಂದರೆ ಊರವರಿಗೆ ಹೇಳಲು ಒಂದು ಉತ್ತರ ಸಿಗುತ್ತದೆ. ಹಣದ ಚಿಂತೆಯೇ ಅವಸರದ ಕಾರಣವಾಗಿದ್ದರೆ ಅದನ್ನು ಬಾಯಿಬಿಟ್ಟು ಆಡಬೇಕು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಮಗಳೇ ಹೇಳಿದರೆ ಸಾಲ ಮಾಡಲು ಹೊರಟ ಅಪ್ಪನಿಗೆ ಅದು ಧೈರ್ಯವೂ ಆಗಬಹುದು.

ಎಡವುವ ಜಾಗ ಎರಡಿವೆ. ಒಂದು, ಬಂದವರೆದುರು ಹೋಗುವುದನ್ನು ತಪ್ಪಿಸಲು ಹೊಟ್ಟೆನೋವನ್ನೇ ಕಾರಣ ಹೇಳುವುದು. ಅಂದಿಗೆ ಕೆಲಸವಾಗುತ್ತದೆ, ಆದರೆ ಅಲ್ಲಿಂದ ಮುಂದೆ ನಿಜವಾದ ನೋವನ್ನೂ ಮನೆಯವರು ನಂಬುವುದಿಲ್ಲ. ಅಲ್ಲದೆ ತಪ್ಪಿಸಿಕೊಂಡ ಪ್ರತಿ ಸಲವೂ ಮುಂದಿನ ಸಲದ ಹೆದರಿಕೆಯನ್ನು ದೊಡ್ಡದು ಮಾಡುತ್ತದೆ. ಇನ್ನೊಂದು, ಒಮ್ಮೆ ಮಾತು ಮುರಿದ ಕೂಡಲೇ ಎಲ್ಲ ಬಿಟ್ಟುಬಿಡುವುದು. ನಮ್ಮ ಉದಾಹರಣೆಯ ಮನೆಯಲ್ಲಿ ಮೂರನೇ ವಾರವೇ ಹೇಳದೆ ಕೇಳದೆ ಮಂದಿ ಬಂದರು. ಅವರು ಹೋದ ಮೇಲೆ ಎರಡು ದಿನ ಬಿಟ್ಟು ಸೋದರಮಾವನ ಮುಂದೆ ಕೂತು ಅದೇ ಐದು ವಾಕ್ಯವನ್ನು ದನಿ ಏರಿಸದೆ ಮತ್ತೆ ಹೇಳಬೇಕಾಯಿತು. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆಯುವುದು ಎಂದಾಯಿತು. ಯಾವ ರವಿವಾರದ ಚೌಕದಲ್ಲಿ ಏನೂ ಬರೆದಿಲ್ಲವೋ ಆ ರವಿವಾರ ಯಾರೂ ಇಲ್ಲ. ನೋವು ಒಂದೇ ದಿನಕ್ಕೆ ನಿಲ್ಲಲಿಲ್ಲ, ಕರುಳು ಅಷ್ಟು ಬೇಗ ಮರೆಯುವುದಿಲ್ಲ. ಮೊದಲು ಖಾಲಿ ಚೌಕದ ರವಿವಾರಗಳು ಹಗುರಾದವು. ಬರುವವರಿದ್ದ ದಿನದ ತಳಮಳ ಉಳಿಯಿತು, ಆದರೆ ಶನಿವಾರ ಸಂಜೆಯಿಂದ ಶುರುವಾಗುತ್ತಿದ್ದದ್ದು ಅದೇ ಮುಂಜಾನೆಗೆ ಸೀಮಿತವಾಯಿತು.

ಆ ಮುಂಜಾನೆಗೆ ಉಸಿರಾಟದ ಒಂದು ಅಭ್ಯಾಸವಿದೆ. ಬೆನ್ನು ಆನಿಸಿ ಕೂತು ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ ಇಡಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ಎಳೆದುಕೊಳ್ಳಿ. ಹೊಕ್ಕುಳ ಮೇಲಿನ ಕೈ ಏಳಬೇಕು, ಎದೆಯ ಕೈ ಆದಷ್ಟು ಅಲುಗಬಾರದು. ಆರು ಎಣಿಸುವವರೆಗೆ ನಿಧಾನ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಹೀಗೆ ಐದರಿಂದ ಹತ್ತು ನಿಮಿಷ. ಉಸಿರು ಬಿಡುವ ಹೊತ್ತು ಉದ್ದವಾದಾಗ ವೇಗಸ್ ನರದ ಕೆಲಸ ಹೆಚ್ಚಿ ಎದೆಬಡಿತ ಇಳಿಯುತ್ತದೆ, ಹೊಟ್ಟೆಯ ಬಿಗಿತವೂ ಸಡಿಲುತ್ತದೆ. ತಲೆ ತಿರುಗಿದಂತಾದರೆ ನೀವು ಜೋರಾಗಿ ಉಸಿರಾಡುತ್ತಿದ್ದೀರಿ ಎಂದರ್ಥ, ಸಣ್ಣದಾಗಿ ಮಾಡಿ. ಬರುವವರು ಬಾಗಿಲಲ್ಲಿ ನಿಂತಾಗ ಮೊದಲ ಬಾರಿ ಮಾಡಿದರೆ ಇದು ಕೈಕೊಡುತ್ತದೆ. ದಿನಾ ಎರಡು ಹೊತ್ತು, ನೋವಿಲ್ಲದಾಗಲೇ ರೂಢಿ ಮಾಡಿಕೊಂಡಿರಬೇಕು.

ಊಟದ ವಿಷಯ ಸಣ್ಣದು. ಹೆದರಿಕೆಯ ದಿನ ಖಾಲಿ ಹೊಟ್ಟೆಯಲ್ಲಿ ಎರಡು ಮೂರು ಕಪ್ ಚಹಾ ಕುಡಿಯುವುದು ಕೆಟ್ಟದ್ದು. ಅವಲಕ್ಕಿಯೋ ಮಜ್ಜಿಗೆ ಅನ್ನವೋ, ಸ್ವಲ್ಪ ಸ್ವಲ್ಪವೇ ಎರಡು ಮೂರು ಸಲ ತಿನ್ನಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸಿನ ಗುಳಿಗೆ ಆಮ್ಲ ಕಡಿಮೆ ಮಾಡುತ್ತವೆ. ನೋವು ಆಮ್ಲದಿಂದ ಬಂದಿದ್ದರೆ ಕೆಲಸ ಮಾಡುತ್ತವೆ, ಊಟಕ್ಕೆ ಅರ್ಧ ತಾಸು ಮುಂಚೆ ತೆಗೆದುಕೊಂಡರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ವೈದ್ಯರು ಹೇಳಿದ ಅವಧಿ ಮುಗಿದರೂ ಕಡಿಮೆಯಾಗದಿದ್ದರೆ ಅಂಗಡಿಯಿಂದ ಮತ್ತೆ ಮತ್ತೆ ತಂದು ನುಂಗುತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಹುಡುಗರ ಹೊಟ್ಟೆಯ ಗಂಟು ಬೇರೆ ದಿಕ್ಕಿನಿಂದ ಬರುತ್ತದೆ. ನೌಕರಿ ಇಲ್ಲದವನಿಗೆ ಕನ್ಯಾ ಸಿಗುವುದಿಲ್ಲ ಎಂಬ ಮಾತು ಈಗ ಇಡೀ ರಾಜ್ಯದ್ದು. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನಮ್ಮ ನಾಲ್ಕು ತಾಲ್ಲೂಕಿನ ಹುಡುಗರು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ಊರಿಂದ ಫೋನು ಬಂದಾಗಲೆಲ್ಲ ಒಂದೇ ಪ್ರಶ್ನೆ, ‘ಏನಾತು?’ ಏನೂ ಆಗಿರುವುದಿಲ್ಲ, ಆಗದಿರುವುದಕ್ಕೆ ಅವನು ಕಾರಣನೂ ಅಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದವನು ಕೂಡ ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯವರಿಗೆ ‘ಇನ್ನೂ ಇಲ್ಲ’ ಎನ್ನುತ್ತಲೇ ಇರಬೇಕಾಯಿತು.

ಇಲ್ಲಿಯೂ ಕೆಲಸಕ್ಕೆ ಬರುವುದು ದಿನಾಂಕವೇ, ಆದರೆ ಎರಡು ಬಗೆಯದು. ಸರ್ಕಾರ ಹೇಳುವ ದಿನಾಂಕ ನಿಮ್ಮ ಕೈಯಲ್ಲಿಲ್ಲ ಎಂದು ಮನೆಯವರಿಗೆ ಅಧಿಸೂಚನೆಯ ಹಾಳೆ ತೋರಿಸಿಯೇ ತಿಳಿಸಬೇಕು. ಬಹಳ ತಂದೆ ತಾಯಿಗೆ ಅರ್ಜಿ, ಪರೀಕ್ಷೆ, ತಾತ್ಕಾಲಿಕ ಪಟ್ಟಿ, ಅಂತಿಮ ಪಟ್ಟಿ, ಆದೇಶ ಇವುಗಳ ನಡುವೆ ತಿಂಗಳುಗಟ್ಟಲೆ ಅಂತರವಿರುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಇನ್ನೊಂದು ದಿನಾಂಕ ನಿಮ್ಮದು: ಎಷ್ಟು ವಯಸ್ಸಿನವರೆಗೆ ಅಥವಾ ಎಷ್ಟು ಪ್ರಯತ್ನದವರೆಗೆ ಇದನ್ನೇ ಮಾಡುತ್ತೇನೆ, ಆಮೇಲೆ ಏನು. ಆಮೇಲಿನದಕ್ಕೆ ಹೆಸರಿರಬೇಕು. ಬೇರೆ ನೌಕರಿಯಾದರೆ ಯಾವುದು, ಒಕ್ಕಲುತನವಾದರೆ ಯಾವ ಬೆಳೆ, ಅಂಗಡಿಯಾದರೆ ಎಲ್ಲಿ. ಹೆಸರಿಲ್ಲದ ಎರಡನೇ ದಾರಿಯಿಂದ ಹೊಟ್ಟೆ ಸಮಾಧಾನಗೊಳ್ಳುವುದಿಲ್ಲ. ಫೋನಿಗೂ ಒಪ್ಪಂದ ಮಾಡಿಕೊಳ್ಳಬಹುದು: ಫಲಿತಾಂಶ ಬಂದ ದಿನ ನಾನೇ ಮಾಡುತ್ತೇನೆ, ಉಳಿದ ದಿನ ಮಳೆ, ಎತ್ತು, ಅಜ್ಜಿಯ ಮೊಣಕಾಲು ಇವುಗಳ ಮಾತಾಡೋಣ.

ಇಷ್ಟು ಮಾಡಿ ಆರೇಳು ವಾರ ಕಳೆದರೂ ನೋವು ಇಳಿಯದಿದ್ದರೆ, ನಿದ್ದೆ ಕೆಟ್ಟರೆ, ಓದು ಕೆಲಸ ನಿಂತರೆ ವೈದ್ಯರ ನೆರವು ಬೇಕು. ಹತ್ತಿರದ್ದು ತಾಲ್ಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ, ಜೊತೆಗೆ ಆ ನೋಟ್‌ಬುಕ್ಕನ್ನು ಒಯ್ಯಿರಿ. ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಕಾರಣಕ್ಕೆ ಹಿರಿಯರ ಬಾಯಲ್ಲಿ ಆ ಹಳೆಯ ಹೆಸರೇ ಉಳಿದಿದೆ. ‘ಧಾರವಾಡಕ್ಕ ತೋರ್ಸಾಕ ಹೋಗಿದ್ರಂತ’ ಎಂಬ ಮಾತಿಗೆ ಸಂಬಂಧವೇ ಮುರಿದೀತು ಎಂದು ಮನೆಯವರು ಹೆದರುತ್ತಾರೆ. ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಹೊಣೆ. ಹೊರಗೇ ಹೋಗಲಾಗದವರು ಟೆಲಿ ಮನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ನಡೆಯುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಹೊಟ್ಟೆಗೆಂದು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆಯನ್ನು ರಾತ್ರಿಗೆ ಬರೆದುಕೊಟ್ಟರೆ ಅಂಜಬೇಡಿ. ಮೂಲತಃ ಖಿನ್ನತೆಯ ಔಷಧವಾದರೂ ಆ ಸಣ್ಣ ಪ್ರಮಾಣದಲ್ಲಿ ಅದನ್ನು ಕೊಡುವುದು ಕರುಳಿನ ನರಗಳ ಅತಿಸೂಕ್ಷ್ಮತೆ ತಗ್ಗಿಸಲು. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರಬಹುದು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ತಾವೇ ನಿಲ್ಲಿಸಬಾರದು.

ಹುಡುಗಿಗೆ 18 ತುಂಬಿಲ್ಲದಿದ್ದರೆ ಮೇಲಿನ ಮಾತುಕತೆಯ ಪ್ರಶ್ನೆಯೇ ಇಲ್ಲ. 2006ರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯಿಂದಾಗಿ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗಿಯೇ ಕರೆ ಮಾಡಬಹುದು, ಗೆಳತಿ, ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ ಯಾರಾದರೂ ಮಾಡಬಹುದು. 18 ದಾಟಿದವಳನ್ನು ಹೊಡೆದು ಬಡಿದು ಒಪ್ಪಿಸುತ್ತಿದ್ದರೆ 181 ಮಹಿಳಾ ಸಹಾಯವಾಣಿ, ತುರ್ತಾದರೆ 112.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ಮಗ ಅಥವಾ ಮಗಳು ‘ನಾ ಇರೂದೇ ಬ್ಯಾಡ’ ಎಂದರೆ, ಇದ್ದಕ್ಕಿದ್ದಂತೆ ಮಾತು ಬಿಟ್ಟರೆ, ತಮ್ಮ ವಸ್ತುಗಳನ್ನು ಹಂಚತೊಡಗಿದರೆ ಅಂದೇ ಎರಡು ಕೆಲಸ ಮಾಡಿ. ಗೋವಿನಜೋಳಕ್ಕೋ ಹತ್ತಿಗೋ ತಂದು ಅಟ್ಟದ ಮೇಲೆ, ಪಡಸಾಲೆಯ ಮೂಲೆಯಲ್ಲಿ ಇಟ್ಟ ಕ್ರಿಮಿನಾಶಕದ ಬಾಟಲಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಬೀಗವಿರುವ ಕಡೆ ಇಟ್ಟು ಕೀಲಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸಾಯುವ ಯೋಚನೆಯ ತೀವ್ರತೆ ಬಹಳ ಸಲ ಕೆಲವೇ ತಾಸಿನದು, ಆ ಹೊತ್ತಿನಲ್ಲಿ ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ. ಎರಡನೆಯದು, ಅವರನ್ನು ಒಬ್ಬರೇ ಬಿಡದೆ ‘ಸಾಯೂ ವಿಚಾರ ಬರಾಕತ್ತೈತೇನು?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಬೈಯದೆ, ಆಣೆ ಹಾಕಿಸದೆ, ಪಕ್ಕದಲ್ಲೇ ಕೂತು 14416ಕ್ಕೆ ಕರೆ ಹಚ್ಚಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ವಾರ ಬರಬೇಕಿದ್ದ ನೆಂಟರಿಗೆ ಬರಬೇಡಿ ಎಂದು ಅಪ್ಪನೇ ಫೋನು ಮಾಡಲಿ, ಮಗಳಿಗೆ ಕೇಳಿಸುವಂತೆ.